ಮೂರು ಸಾವಿರದ ಆರುನೂರು ಜನ ಎಲ್ಲಿ ಹೋದರು?

ಪಿಂಚಣಿದಾರರ ಸಂಘಟನೆಯೊಂದಕ್ಕೆ ಎರಡು ಪುಟದ ಕರಪತ್ರ ಬರೆದುಕೊಡಲು ಒಪ್ಪಿಕೊಂಡಿದ್ದೆ. ರಾಜ್ಯ ಸರ್ಕಾರದ ಒಂದು ಮಾಸಿಕ ಪಿಂಚಣಿ ಯೋಜನೆ ಯಾವ ಜಿಲ್ಲೆಯಲ್ಲಿ ಎಷ್ಟು ಜನರಿಗೆ ಸಿಗುತ್ತಿದೆ, ವರ್ಷಕ್ಕೆ ಎಷ್ಟು ಹಣ ಹೋಗಿದೆ, ಇಷ್ಟೇ ಬೇಕಾಗಿದ್ದದ್ದು. ಇಲಾಖೆಯ ವಾರ್ಷಿಕ ವರದಿಯ ಪಿಡಿಎಫ್ ಸಿಕ್ಕಿತು. ಮೊದಲಲ್ಲಿ ಸಾರಾಂಶ, ಕೊನೆಯ ಅನುಬಂಧದಲ್ಲಿ ಜಿಲ್ಲಾವಾರು ಪಟ್ಟಿ. ಪಟ್ಟಿಯನ್ನು ಹಾಗೇ ಎತ್ತಿ ಕರಪತ್ರಕ್ಕೆ ಹಾಕಿದ್ದರೆ ಅರ್ಧ ದಿನದ ಕೆಲಸ. ಹಾಕುವ ಮೊದಲು ಒಮ್ಮೆ ಕೂಡಿಸಿ ನೋಡೋಣ ಅನ್ನಿಸಿತು. ಆ ಅನ್ನಿಸಿಕೆಯಿಂದಾಗಿ ಅರ್ಧ ದಿನದ ಕೆಲಸ ಎರಡೂವರೆ ತಿಂಗಳು ಹಿಡಿಯಿತು.

ಯೋಜನೆಯ ಹೆಸರು ಇಲ್ಲಿ ಬೇಡ. ಯಾವ ಇಲಾಖೆ ಎಂದು ಗುರುತು ಹತ್ತಬಾರದೆಂದು ಅಂಕಿಗಳನ್ನೂ ಬದಲಿಸಿದ್ದೇನೆ. ತಪ್ಪು ಹೇಗಿತ್ತು, ಹೇಗೆ ಸಿಕ್ಕಿತು ಎನ್ನುವುದು ಮಾತ್ರ ನಡೆದ ಹಾಗೇ ಇದೆ. ಲೆಕ್ಕ ಸುಲಭವಾಗಲಿ ಅಂತ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ.

ಸಾರಾಂಶದಲ್ಲಿ ಇದ್ದದ್ದು ಒಂದೇ ವಾಕ್ಯ: ಈ ಸಾಲಿನಲ್ಲಿ 5,12,640 ಫಲಾನುಭವಿಗಳಿಗೆ 591.38 ಕೋಟಿ ರೂಪಾಯಿ ಪಾವತಿಸಲಾಗಿದೆ. ಅನುಬಂಧದಲ್ಲಿ 31 ಸಾಲುಗಳು. ಪ್ರತಿ ಸಾಲಿನಲ್ಲಿ ಜಿಲ್ಲೆಯ ಹೆಸರು, ಫಲಾನುಭವಿಗಳ ಸಂಖ್ಯೆ, ಮೊತ್ತ ಲಕ್ಷ ರೂಪಾಯಿಗಳಲ್ಲಿ. ಕೆಳಗೆ ‘ಒಟ್ಟು’ ಎಂದು ದಪ್ಪಕ್ಷರದ ಸಾಲು.

ಮೊದಲು ಸಾಲುಗಳನ್ನು ಎಣಿಸಿದೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಕರ್ನಾಟಕದ ಪಟ್ಟಿಗಳಲ್ಲಿ ಎಡವುವುದು ಇಲ್ಲೇ. ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಅದಕ್ಕಿಂತ ಹಿಂದಿನ ಪಟ್ಟಿಗಳಲ್ಲಿ 30 ಸಾಲು, ಆಮೇಲಿನವುಗಳಲ್ಲಿ 31. ಹಳೆಯ ಎಕ್ಸೆಲ್ ಕಡತಕ್ಕೆ ಕೊನೆಯಲ್ಲಿ ಒಂದು ಸಾಲು ಸೇರಿಸಿ, ಕೂಡಿಸುವ ಸೂತ್ರವನ್ನು ಮಾತ್ರ ಹಾಗೇ ಬಿಟ್ಟರೆ ಹೊಸ ಸಾಲು ಒಟ್ಟಿಗೆ ಸೇರುವುದೇ ಇಲ್ಲ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಅದನ್ನು ಬೆಂಗಳೂರು ನಗರದ ಒಂದು ಭಾಗ ಅಂದುಕೊಂಡು ಕೂಡಿಸಿಬಿಡುವ ಅಪಾಯ ಈಗ ಹೊಸದಾಗಿ ಸೇರಿಕೊಂಡಿದೆ. ನನ್ನ ಪಟ್ಟಿಯಲ್ಲಿ 31 ಸಾಲೂ ಸರಿಯಾಗಿದ್ದವು. ನಾಲ್ಕು ಕಂದಾಯ ವಿಭಾಗಗಳ ಉಪಮೊತ್ತ ಇರಲಿಲ್ಲ. ಇದ್ದಿದ್ದರೆ ಮುಂದಿನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು ಅಂತ ಆಮೇಲೆ ಅನ್ನಿಸಿತು. ತಪ್ಪು ಯಾವ ವಿಭಾಗದಲ್ಲಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

ಪಿಡಿಎಫ್‌ನಿಂದ ನಕಲು ಮಾಡಿ ಶೀಟಿಗೆ ಅಂಟಿಸಿದೆ. ಜಿಲ್ಲೆಗಳ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದವು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಹೀಗೇ. ಓದಲು ಕನ್ನಡ, ನಕಲು ಮಾಡಿದರೆ ಚಿತ್ತಾರ. ಹೆಸರುಗಳನ್ನು ಕೈಯಲ್ಲೇ ಟೈಪ್ ಮಾಡಿದೆ. ಅಂಕಿಗಳು ನೆಟ್ಟಗೆ ಬಂದಿದ್ದವು. ಅಲ್ಪವಿರಾಮಗಳನ್ನು ಒಟ್ಟಿಗೆ ತೆಗೆದುಹಾಕಿ, ನೋಡಲು ಚೆನ್ನಾಗಿರಲಿ ಅಂತ ಎಲ್ಲ ಕಾಲಮ್ಮುಗಳನ್ನೂ ಮಧ್ಯಕ್ಕೆ ತಂದೆ. ಈ ಅಂದ ಮಾಡುವ ಚಟ ಆಮೇಲೆ ತೊಂದರೆ ಕೊಟ್ಟಿತು.

ಸಂಖ್ಯೆಯ ಕಾಲಮ್ ಕೂಡಿಸಿದೆ. ಬಂದದ್ದು 4,87,734. ಸಾರಾಂಶಕ್ಕೂ ಇದಕ್ಕೂ 24,906 ವ್ಯತ್ಯಾಸ.

ಆ ಸಂಜೆ ನಾನು ಸ್ವಲ್ಪ ಉಬ್ಬಿಹೋದೆ ಅಂತಲೇ ಹೇಳಬೇಕು. ಇಪ್ಪತ್ತೈದು ಸಾವಿರ ಫಲಾನುಭವಿಗಳು ಲೆಕ್ಕದಲ್ಲಿದ್ದಾರೆ, ಜಿಲ್ಲೆಗಳಲ್ಲಿಲ್ಲ! ಕರಪತ್ರದ ತಲೆಬರಹ ಕೂಡ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಸದ್ಯ, ಯಾರಿಗೂ ಕಳಿಸುವ ಮೊದಲು ನಮ್ಮ ಪರಿಚಯದ ಒಬ್ಬರಿಗೆ ಫೋನ್ ಮಾಡಿದೆ. ಅವರು ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಕೂಡಿಸಿದ್ದು ಎಷ್ಟು ಸಾಲು?”

“ಮೂವತ್ತೊಂದು, ಸರ್. ಎಣಿಸಿದ್ದೀನಿ.”

“ನೀವು ಎಣಿಸಿದ್ದಲ್ಲ ರೀ. ಕಂಪ್ಯೂಟರ್ ಎಷ್ಟು ಕೂಡಿಸಿತು ಅಂತ ನೋಡಿ.”

ನೋಡಿದೆ. ಸೂತ್ರಗಳು ಇಷ್ಟೇ:

```
=SUM(C3:C33)
=COUNT(C3:C33)
```

ಮೂರರಿಂದ ಮೂವತ್ಮೂರರವರೆಗೆ ಅಂದರೆ 31 ಸಾಲು. `COUNT` ತೋರಿಸಿದ್ದು 30. ಅದು ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ. `SUM` ಕೂಡ ಸಂಖ್ಯೆಗಳನ್ನು ಮಾತ್ರ ಕೂಡಿಸುತ್ತದೆ, ಬರಹವಾಗಿ ಕುಳಿತ ಅಂಕಿಯನ್ನು ಮಾತಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಪಕ್ಕದ ಕಾಲಮ್ಮಿನಲ್ಲಿ `=ISNUMBER(C3)` ಹಾಕಿ ಕೆಳಗೆ ಎಳೆದೆ. ಒಂದೇ ಒಂದು ಸಾಲಿನಲ್ಲಿ `FALSE`. ಅಲ್ಲಿದ್ದದ್ದು 21306. ಕಣ್ಣಿಗೆ ಏನೂ ತಪ್ಪಿಲ್ಲ, ಆದರೆ ಕೊನೆಯಲ್ಲಿ ಕಾಣದ ಒಂದು ಖಾಲಿ ಜಾಗ ಪಿಡಿಎಫ್‌ನಿಂದ ಜೊತೆಗೇ ಬಂದಿತ್ತು. ಶೀಟಿನಲ್ಲಿ ಸಂಖ್ಯೆಗಳು ತಾವಾಗಿಯೇ ಬಲಕ್ಕೆ, ಬರಹ ಎಡಕ್ಕೆ ಕೂರುತ್ತವೆ. ನಾನು ಎಲ್ಲವನ್ನೂ ಮಧ್ಯಕ್ಕೆ ತರದೇ ಇದ್ದಿದ್ದರೆ ಆ ಒಂದು ಅಂಕಿ ಎಡಕ್ಕೆ ಸರಿದು ನಿಂತು ತಾನೇ ಸಿಕ್ಕಿಬೀಳುತ್ತಿತ್ತು.

ಅದನ್ನು ಅಳಿಸಿ ಮತ್ತೆ ಟೈಪ್ ಮಾಡಿದೆ. ಆಮೇಲೆ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರು ಪಿಡಿಎಫ್ ನೋಡಿ ಅಂಕಿಗಳನ್ನು ಒಂದೊಂದೇ ಗಟ್ಟಿಯಾಗಿ ಓದಿದರು, ನಾನು ಶೀಟಿನ ಪ್ರಿಂಟಿನ ಮೇಲೆ ಟಿಕ್ ಹಾಕುತ್ತಾ ಹೋದೆ. ಲೆಕ್ಕದವರ ಹಳೆಯ ಪದ್ಧತಿ. ಹತ್ತು ನಿಮಿಷದಲ್ಲಿ ಮುಗಿಯಿತು. ಇನ್ನು ತಪ್ಪಿದ್ದರೆ ಅದು ನನ್ನದಲ್ಲ ಎಂದು ಧೈರ್ಯವಾಗಿ ಹೇಳುವ ಹಾಗಾಯಿತು.

ಹೊಸ ಒಟ್ಟು 5,09,040. ಅನುಬಂಧದ ಕೆಳಗಿನ ದಪ್ಪಕ್ಷರದ ಒಟ್ಟು 5,12,640. ಸಾರಾಂಶದಲ್ಲೂ ಅದೇ. ಈಗ ವ್ಯತ್ಯಾಸ 3,600.

ಇದೇ ಹೊತ್ತಿಗೆ ಹಣದ ಕಾಲಮ್ಮನ್ನೂ ಕೂಡಿಸಿದೆ. ಅಲ್ಲಿ ಉಲ್ಟಾ. 31 ಸಾಲು ಕೂಡಿದರೆ 59,612.29 ಲಕ್ಷ, ಕೆಳಗಿನ ಒಟ್ಟಿನಲ್ಲೂ 59,612.29 ಲಕ್ಷ. ಒಂದು ಪೈಸೆ ಆಚೀಚೆ ಇಲ್ಲ. ಆದರೆ ಸಾರಾಂಶದಲ್ಲಿರುವುದು 591.38 ಕೋಟಿ, ಅಂದರೆ 59,138 ಲಕ್ಷ. ಸುಮಾರು 474 ಲಕ್ಷ ಕಡಿಮೆ.

ಒಂದೇ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಕಾಯಿಲೆ. ಜನರ ಸಂಖ್ಯೆಯಲ್ಲಿ ಸಾರಾಂಶವೂ ಪಟ್ಟಿಯ ಒಟ್ಟೂ ಒಂದೇ, ಒಳಗಿನ ಸಾಲುಗಳು ಕೂಡಿಬರುವುದಿಲ್ಲ. ಹಣದಲ್ಲಿ ಸಾಲುಗಳೂ ಒಟ್ಟೂ ಒಂದೇ, ಸಾರಾಂಶ ಬೇರೆ. ಮೊದಲನೆಯದು ಪಟ್ಟಿಯೊಳಗಿನ ತಪ್ಪು, ಎರಡನೆಯದು ಪಟ್ಟಿಗೂ ಸಾರಾಂಶಕ್ಕೂ ನಡುವಿನದು. ಎರಡಕ್ಕೂ ಒಂದೇ ಕಾರಣ ಹುಡುಕುತ್ತಾ ನಾನು ಎರಡು ದಿನ ಸುಮ್ನೆ ಕಳೆದೆ.

ಎಲ್ಲರೂ ಮೊದಲು ಹೇಳುವ ಸಮಾಧಾನ ಅಂದರೆ ‘ರೌಂಡ್ ಮಾಡಿರ್ತಾರೆ ಬಿಡಿ’ ಅಂತ. ಅದಕ್ಕೂ ಒಂದು ಮಿತಿ ಇದೆ, ಅದನ್ನು ಲೆಕ್ಕ ಹಾಕಬಹುದು. ಲಕ್ಷದಲ್ಲಿ ಎರಡು ದಶಮಾಂಶದವರೆಗೆ ಬರೆದರೆ ಕೊನೆಯ ಸ್ಥಾನದ ಬೆಲೆ 1,000 ರೂಪಾಯಿ. ಒಂದು ಸಾಲಿನಲ್ಲಿ ಹೆಚ್ಚೆಂದರೆ 500 ರೂಪಾಯಿ ಆಚೀಚೆ ಆಗಬಹುದು. 31 ಸಾಲೂ ಒಂದೇ ಕಡೆಗೆ ವಾಲಿದರೂ 15,500 ರೂಪಾಯಿ, ಅಂದರೆ 0.155 ಲಕ್ಷ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ರೌಂಡಿಂಗ್ ಕಡೆ ಬೆರಳು ತೋರಿಸುವ ಹಾಗಿಲ್ಲ. ನನ್ನ ಪಟ್ಟಿಯಲ್ಲಂತೂ ಅಷ್ಟು ಅವಕಾಶವೂ ಇರಲಿಲ್ಲ. ಪ್ರತಿ ಕಂತು 1,000 ರೂಪಾಯಿ, ಹಾಗಾಗಿ ಯಾವ ಜಿಲ್ಲೆಯ ಮೊತ್ತವೂ ಸಾವಿರದ ಪೂರ್ಣ ಗುಣಕ. ರೌಂಡ್ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಕೋಟಿಯಲ್ಲಿ ಬರೆದ ಸಾರಾಂಶದಲ್ಲಿ ಮಾತ್ರ ಅರ್ಧ ಲಕ್ಷದಷ್ಟು ಆಚೀಚೆ ಆಗಬಹುದು. 474 ಲಕ್ಷ ಆಗಲು ಸಾಧ್ಯವೇ ಇಲ್ಲ. ಜನರ ಸಂಖ್ಯೆಯಲ್ಲಂತೂ ರೌಂಡಿಂಗ್ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ?

ಮೊದಲು 3,600ರ ಹಿಂದೆ ಬಿದ್ದೆ. ಒಂದು ಜಿಲ್ಲೆಯ ಸಾಲು ಪೂರ್ತಿ ಬಿಟ್ಟುಹೋಗಿರಬಹುದೇ? ಪಟ್ಟಿಯಲ್ಲಿ ಅತಿ ಚಿಕ್ಕ ಸಂಖ್ಯೆಯೇ ಆರು ಸಾವಿರ ದಾಟಿತ್ತು, ಹಾಗಾಗಿ ಅಲ್ಲ. ಮತ್ತೆ ಅದೇ ಹಿರಿಯರಿಗೆ ಫೋನ್ ಮಾಡಿದೆ.

“ಒಂಬತ್ತರಿಂದ ಭಾಗಿಸಿ ನೋಡಿದ್ರಾ?” ಅಂದರು.

“ನಾನೂರು ಬರುತ್ತೆ, ಸರ್. ಶೇಷ ಇಲ್ಲ.”

“ಹಾಗಾದ್ರೆ ಯಾರೋ ಅಂಕಿ ತಿರುಗಿಸಿದ್ದಾರೆ. ಸಾವಿರದ ಮನೆ, ನೂರರ ಮನೆ ನೋಡಿ.”

ಇದು ಲೆಕ್ಕದವರಿಗೆಲ್ಲ ಗೊತ್ತಿರುವ ಗುಟ್ಟು. ನನಗೆ ಗೊತ್ತಿರಲಿಲ್ಲ. ಟೈಪ್ ಮಾಡುವಾಗ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 52 ಅನ್ನು 25 ಎಂದು ಬರೆದರೆ ವ್ಯತ್ಯಾಸ 27, ಅದು ಮೂರು ಒಂಬತ್ತು. ಎಷ್ಟು ಒಂಬತ್ತು ಎನ್ನುವುದು ಆ ಎರಡು ಅಂಕಿಗಳ ನಡುವಿನ ಅಂತರ. 5ಕ್ಕೂ 2ಕ್ಕೂ ಅಂತರ 3. ನನ್ನ 3,600 ಅಂದರೆ ನಾಲ್ಕು ಸಲ 900. ಸಾವಿರದ ಮತ್ತು ನೂರರ ಸ್ಥಾನದ ಅಂಕಿಗಳು ಬದಲಾದರೆ ಮಾತ್ರ 900ರ ಲೆಕ್ಕ ಬರುತ್ತದೆ, ಮತ್ತು ಅವೆರಡರ ಅಂತರ 4 ಇರಬೇಕು. ಸಾಲುಗಳ ಒಟ್ಟು ಕಡಿಮೆ ಬಂದಿದೆ, ಹಾಗಾಗಿ ತಪ್ಪಾಗಿ ಬರೆದ ಸಂಖ್ಯೆಯಲ್ಲಿ ಚಿಕ್ಕ ಅಂಕಿ ಮುಂದೆ, ದೊಡ್ಡದು ಹಿಂದೆ ಕೂತಿರಬೇಕು.

ಇದು ಸುಳಿವೇ ಹೊರತು ಸಾಕ್ಷಿ ಅಲ್ಲ. ಸುಮ್ಮನೆ ಯಾವುದೋ ಸಂಖ್ಯೆ ತೆಗೆದುಕೊಂಡರೂ ಒಂಬತ್ತರಲ್ಲಿ ಒಂದು ಸಲ ಅದು 9ರಿಂದ ಭಾಗವಾಗಿಯೇ ಆಗುತ್ತದೆ. ಮತ್ತೆ, ಎರಡು ತಪ್ಪು ಒಟ್ಟಿಗೆ ಇದ್ದರೆ ಈ ಗುಟ್ಟು ಕೆಲಸ ಮಾಡುವುದಿಲ್ಲ. ನನ್ನ ಮೊದಲ ದಿನದ 24,906 ಅನ್ನೇ ನೋಡಿ. ಅದರಲ್ಲಿ ಅದಲುಬದಲಾದ 3,600 ಇತ್ತು, ಜೊತೆಗೆ ನಾನು ಕಳೆದುಕೊಂಡ 21,306 ಕೂಡ ಇತ್ತು. ಅದು 9ರಿಂದ ಭಾಗವಾಗುವುದಿಲ್ಲ. ನಮ್ಮ ತಪ್ಪನ್ನು ಮೊದಲು ತೊಳೆದುಕೊಳ್ಳದೆ ಅವರ ತಪ್ಪು ಕಾಣುವುದಿಲ್ಲ.

ನೂರರ ಅಂಕಿಯಲ್ಲಿ ಸಾವಿರದ ಅಂಕಿ ಕಳೆಯುವ ಒಂದು ಸೂತ್ರ ಹಾಕಿ, 4 ಬಂದ ಸಾಲುಗಳನ್ನು ಆರಿಸಿದೆ.

```
=INT(MOD(C3,1000)/100)-INT(MOD(C3,10000)/1000)
```

ಮೂರು ಜಿಲ್ಲೆಗಳು ಸಿಕ್ಕವು. ಮೂರರಲ್ಲಿ ಯಾವುದು?

ಇಲ್ಲಿ ಹಣದ ಕಾಲಮ್ ಸಹಾಯಕ್ಕೆ ಬಂತು. ಲಕ್ಷದಲ್ಲಿರುವ ಮೊತ್ತವನ್ನು ರೂಪಾಯಿಗೆ ತಿರುಗಿಸಿ ಜನರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬರಿಗೆ ವರ್ಷಕ್ಕೆ ಸರಾಸರಿ ಎಷ್ಟು ಹೋಗಿದೆ ಅಂತ ಸಿಗುತ್ತದೆ: `=D3*100000/C3`. ತಿಂಗಳಿಗೆ 1,000 ಅಂದರೆ ವರ್ಷಕ್ಕೆ 12,000. ಬಹುತೇಕ ಜಿಲ್ಲೆಗಳಲ್ಲಿ ಹನ್ನೊಂದು ಸಾವಿರದ ಇನ್ನೂರರಿಂದ ಒಂಬೈನೂರರ ನಡುವೆ ಬಂತು. ಪೂರ್ತಿ 12,000 ಯಾಕೆ ಬರುವುದಿಲ್ಲ ಅಂದರೆ, ಈ ಸಂಖ್ಯೆ ಮಾರ್ಚ್ 31ರಂದು ಪಟ್ಟಿಯಲ್ಲಿ ಇದ್ದವರದ್ದು. ಡಿಸೆಂಬರಿನಲ್ಲಿ ಮಂಜೂರಾದವರೂ ಅದರಲ್ಲಿ ಒಂದು ತಲೆ, ಅವರಿಗೆ ಹೋಗಿದ್ದು ನಾಲ್ಕೇ ಕಂತು. ಇನ್ನೊಂದು ಕಡೆ, ಆಗಸ್ಟಿನಲ್ಲಿ ತೀರಿಕೊಂಡವರು ನಾಲ್ಕೈದು ಕಂತು ಪಡೆದಿರುತ್ತಾರೆ, ತಲೆ ಲೆಕ್ಕದಲ್ಲಿ ಇರುವುದಿಲ್ಲ. ಎರಡೂ ಒಂದಕ್ಕೊಂದು ಎಳೆದಾಡಿ ಸರಾಸರಿ 12,000ದ ಸ್ವಲ್ಪ ಕೆಳಗೆ ನಿಲ್ಲುತ್ತದೆ. ವರ್ಷದಲ್ಲಿ ಒಮ್ಮೆಯಾದರೂ ಹಣ ಪಡೆದವರನ್ನೆಲ್ಲ ಎಣಿಸುವ ವರದಿಯಾದರೆ ಸರಾಸರಿ ಇನ್ನೂ ಕೆಳಗೆ ಬರುತ್ತದೆ. ಹಾಗಾಗಿ ಈ ಭಾಗಾಕಾರಕ್ಕೆ ಮೊದಲು ‘ಫಲಾನುಭವಿ’ ಅಂದರೆ ಯಾವ ದಿನದ ಲೆಕ್ಕ ಅಂತ ಅಡಿಟಿಪ್ಪಣಿ ಓದಲೇಬೇಕು. ನಾನು ಓದಿದ್ದು ಭಾಗಿಸಿದ ಮೇಲೆ, ಪುಣ್ಯಕ್ಕೆ ಏನೂ ಹಾಳಾಗಲಿಲ್ಲ.

ಮೂರು ಜಿಲ್ಲೆಗಳಲ್ಲಿ ಎರಡರ ಸರಾಸರಿ ಉಳಿದವುಗಳ ಹಾಗೇ ಇತ್ತು. ಪಟ್ಟಿಯ 19ನೇ ಸಾಲಿನದ್ದು ಮಾತ್ರ 14,444 ರೂಪಾಯಿ. ಅಲ್ಲಿ ಮುದ್ರಿತ ಸಂಖ್ಯೆ 14,872, ಮೊತ್ತ 2,148.13 ಲಕ್ಷ. ಸಾವಿರದ 4 ಮತ್ತು ನೂರರ 8 ಅನ್ನು ಅದಲುಬದಲು ಮಾಡಿ 18,472 ಎಂದು ಹಾಕಿದೆ. ಸರಾಸರಿ 11,629ಕ್ಕೆ ಇಳಿಯಿತು. ಇಡೀ ರಾಜ್ಯದ ಸರಾಸರಿ 11,628. ಕಾಲಮ್ಮಿನ ಒಟ್ಟು 5,12,640ಕ್ಕೆ ಬಂದು ನಿಂತಿತು.

ಕುಣಿಯುವಷ್ಟು ಖುಷಿಯಾಯಿತು. ಆದರೂ ಒಂದು ಅನುಮಾನ ಉಳಿದಿತ್ತು. ಸರಾಸರಿ 12,000 ದಾಟಿದ್ದು ತಪ್ಪೇ ಆಗಬೇಕೆಂದಿಲ್ಲ. ಹಿಂದಿನ ವರ್ಷ ತಡೆಹಿಡಿದಿದ್ದ ಕಂತುಗಳನ್ನು ಈ ವರ್ಷ ಬಾಕಿಯಾಗಿ ಕೊಟ್ಟಿದ್ದರೂ ಹೀಗಾಗುತ್ತದೆ. ಹಾಗಾಗಿ ಬೇರೆ ದಾರಿಯಿಂದ ಬಂದ ಒಂದು ಸಂಖ್ಯೆ ಬೇಕಿತ್ತು. ಪ್ರತಿ ಜಿಲ್ಲೆಯಲ್ಲೂ ಕೆಡಿಪಿ ಪ್ರಗತಿ ಪರಿಶೀಲನಾ ಸಭೆ ನಡೆಯುತ್ತದೆ, ಅದಕ್ಕೆ ಇಲಾಖೆಗಳು ತಾಲ್ಲೂಕುವಾರು ಅಂಕಿಗಳನ್ನು ಕೊಡುತ್ತವೆ. ಆ ಜಿಲ್ಲೆಯ ಪರಿಚಿತರೊಬ್ಬರು ಮಾರ್ಚ್ ಅಂತ್ಯದ ಪುಸ್ತಕದಿಂದ ಆ ಪುಟದ ಫೋಟೋ ಕಳಿಸಿದರು. ತಾಲ್ಲೂಕುಗಳನ್ನು ಕೂಡಿಸಿದೆ: 18,472. ಹತ್ತಿರದ ಸಂಖ್ಯೆ ಬಂದಿದ್ದರೆ ನಾನು ಇನ್ನೂ ಅನುಮಾನಿಸುತ್ತಿದ್ದೆ. ಕೊನೆಯ ಅಂಕಿಯವರೆಗೂ ಒಂದೇ ಬಂದಾಗ ಬೇರೆ ಮಾತಿಲ್ಲ.

ಏನು ನಡೆದಿರಬೇಕೆಂದು ಊಹಿಸಬಹುದು. ಒಟ್ಟು ಬಂದದ್ದು ಕಚೇರಿಯ ಎಕ್ಸೆಲ್ ಕಡತದಿಂದ. ಸಾಲುಗಳನ್ನು ವರದಿಗಾಗಿ ಯಾರೋ ನೋಡಿಕೊಂಡು ಮತ್ತೆ ಟೈಪ್ ಮಾಡಿದ್ದಾರೆ. ವರದಿಯಲ್ಲಿರುವ ಒಟ್ಟು ವರದಿಯಲ್ಲಿರುವ ಸಾಲುಗಳನ್ನು ಕೂಡಿಸಿ ಬಂದದ್ದಲ್ಲ. ಮೂರು ಸಾವಿರದ ಆರುನೂರು ಜನ ಎಲ್ಲಿಗೂ ಹೋಗಿರಲಿಲ್ಲ.

ಇನ್ನು ಹಣದ ವಿಷಯ. ಇಲ್ಲಿ ಮೇಲಿನ ಯಾವ ಉಪಾಯವೂ ನಡೆಯಲಿಲ್ಲ. 19ನೇ ಸಾಲು ಸರಿಮಾಡಿದ ಮೇಲೆ ಯಾವ ಜಿಲ್ಲೆಯ ಸರಾಸರಿಯೂ ಎದ್ದು ಕಾಣುತ್ತಿರಲಿಲ್ಲ. 474 ಲಕ್ಷ ಒಂದೇ ಸಾಲಿನಲ್ಲಿ ಅಡಗಿದ್ದರೆ ಆ ಸಾಲು ಖಂಡಿತ ವಿಕಾರವಾಗಿ ಕಾಣಬೇಕಿತ್ತು. ಎಲ್ಲ ಸಾಲೂ ಸಹಜವಾಗಿದ್ದು ಸಾರಾಂಶದ ಮೊತ್ತ ಮಾತ್ರ ಬೇರೆಯಾದರೆ, ವ್ಯತ್ಯಾಸ ಎಲ್ಲ ಜಿಲ್ಲೆಗಳಿಗೂ ಚಿಮುಕಿಸಿದ ಹಾಗೆ ಹರಡಿದೆ ಅಂತ ಅರ್ಥ. ಅಂದರೆ ಅದು ಟೈಪಿಂಗ್ ತಪ್ಪಲ್ಲ, ಎರಡು ಕಡೆ ಎರಡು ಬೇರೆ ವಸ್ತುವನ್ನು ಎಣಿಸಿದ್ದಾರೆ.

ಶೀರ್ಷಿಕೆಗಳನ್ನು ನಿಧಾನವಾಗಿ ಓದಿದೆ. ಅನುಬಂಧದ ಕಾಲಮ್ಮಿನ ತಲೆಯ ಮೇಲೆ ‘ಬಿಡುಗಡೆಯಾದ ಮೊತ್ತ’ ಎಂದಿದೆ. ಸಾರಾಂಶದ ವಾಕ್ಯದಲ್ಲಿ ‘ಪಾವತಿಸಲಾಗಿದೆ’ ಎಂದಿದೆ. ಎರಡು ವಾರ ಇವೆರಡೂ ಕಣ್ಣ ಮುಂದೆಯೇ ಇದ್ದವು! ಇಲಾಖೆ ಹಣ ಬಿಡುಗಡೆ ಮಾಡಿ ಬ್ಯಾಂಕಿಗೆ ಕಳಿಸಿದ್ದೆಲ್ಲ ಜನರ ಖಾತೆಗೆ ಜಮೆ ಆಗುವುದಿಲ್ಲ. ಖಾತೆ ಮುಚ್ಚಿಹೋಗಿರುತ್ತದೆ, ಆಧಾರ್ ಜೋಡಣೆ ಬೇರೆ ಬ್ಯಾಂಕಿಗೆ ಬದಲಾಗಿರುತ್ತದೆ, ಬಹಳ ದಿನ ವಹಿವಾಟಿಲ್ಲದೆ ಖಾತೆ ನಿಷ್ಕ್ರಿಯವಾಗಿರುತ್ತದೆ. ಅಂಥ ಕಂತುಗಳು ವಾಪಸ್ ಬರುತ್ತವೆ. ಬಿಡುಗಡೆಯಲ್ಲಿ ವಾಪಸ್ ಬಂದದ್ದು ಕಳೆದರೆ ಪಾವತಿ. ನೂರಕ್ಕೆ ಒಂದಕ್ಕಿಂತ ಕಡಿಮೆ ವಾಪಸ್, ನಂಬುವ ಹಾಗಿತ್ತು. ಆದರೆ ನಂಬುವ ಹಾಗಿರುವುದು ಬೇರೆ, ನಿಜ ಎಂದು ಗೊತ್ತಾಗುವುದು ಬೇರೆ.

ಕಚೇರಿಗೆ ಇಮೇಲ್ ಬರೆದೆ, ಉತ್ತರ ಬರಲಿಲ್ಲ. ಹಾಗಾಗಿ ಮಾಹಿತಿ ಹಕ್ಕು ಅರ್ಜಿ. ಮೊದಲ ಕರಡಿನಲ್ಲಿ ನಾನು ಬರೆದದ್ದು: ‘ಸಾರಾಂಶಕ್ಕೂ ಅನುಬಂಧಕ್ಕೂ 474 ಲಕ್ಷ ವ್ಯತ್ಯಾಸ ಏಕೆ ಬಂದಿದೆ ಎಂದು ತಿಳಿಸಿ.’ ಹಿರಿಯರು ಅದನ್ನು ಪೂರ್ತಿ ಹೊಡೆದುಹಾಕಿದರು.

“ಏಕೆ ಅಂತ ಕೇಳಿದ್ರೆ, ಕಾರಣ ಕೇಳೋದು ಮಾಹಿತಿ ಅಲ್ಲ ಅಂತ ಒಂದು ಸಾಲು ಬರೆದು ಕಳಿಸ್ತಾರೆ. ಕಾಗದ ಕೇಳಿ. ಕಾಗದದಲ್ಲೇ ಕಾರಣ ಇರುತ್ತೆ.”

2005ರ ಕಾಯ್ದೆಯಲ್ಲಿ ಮಾಹಿತಿ ಎಂದರೆ ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ. ಹೊಸದಾಗಿ ವಿವರಣೆ ಬರೆದುಕೊಡಿ ಎನ್ನಲು ಬರುವುದಿಲ್ಲ. ಇನ್ನೊಂದು ಕಟ್ಟು ಕರ್ನಾಟಕದ ನಿಯಮಗಳಲ್ಲಿದೆ: ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ 19ನೇ ಸಾಲಿನ ವಿಷಯ ಇದರಲ್ಲಿ ಸೇರಿಸಲಿಲ್ಲ. ಎರಡೇ ಕೇಳಿದೆ. ಆ ಆರ್ಥಿಕ ವರ್ಷದಲ್ಲಿ ತಿಂಗಳುವಾರು ಬಿಡುಗಡೆಯಾದ, ಜಮೆಯಾದ ಮತ್ತು ವಾಪಸ್ ಬಂದ ಕಂತುಗಳ ಸಂಖ್ಯೆ ಹಾಗೂ ಮೊತ್ತದ ತಃಖ್ತೆ, ಲಭ್ಯವಿದ್ದಲ್ಲಿ ಜಿಲ್ಲಾವಾರು. ಮತ್ತೆ, ಸಾರಾಂಶದ 591.38 ಕೋಟಿಗೆ ಆಧಾರವಾದ ಕಡತದ ಪುಟಗಳ ಪ್ರತಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆ.

ಮೂರು ವಾರದ ಮೇಲೆ ಒಂದು ಪತ್ರ ಬಂತು. 14 ಪುಟ ಇದೆ, ಪುಟಕ್ಕೆ 2 ರೂಪಾಯಿಯಂತೆ 28 ರೂಪಾಯಿ ಕಟ್ಟಿ ಎಂದು. ಉತ್ತರಕ್ಕೆ ಕಾಯ್ದೆ ಕೊಡುವುದು 30 ದಿನ, ಆದರೆ ಈ ಪತ್ರ ಹೊರಟ ದಿನದಿಂದ ನಾವು ಹಣ ಕಟ್ಟುವ ದಿನದವರೆಗಿನ ಸಮಯ ಆ 30ರಲ್ಲಿ ಸೇರುವುದಿಲ್ಲ. ಅದಕ್ಕೇ ಅವತ್ತೇ ಕಟ್ಟಿದೆ.

ಬಂದ 14 ಪುಟಗಳಲ್ಲಿ ಉಪಯೋಗಕ್ಕೆ ಬಂದದ್ದು ಎರಡು. ಮೊದಲನೆಯದರಲ್ಲಿ ಹನ್ನೆರಡು ತಿಂಗಳ ತಃಖ್ತೆ. ವಾಪಸ್ ಬಂದ ಕಂತುಗಳನ್ನು ಕೂಡಿಸಿದೆ, ಈ ಸಲ `COUNT` ಕೂಡ ನೋಡಿಕೊಂಡು. 47,431 ಕಂತು, ಅಂದರೆ 474.31 ಲಕ್ಷ. 59,612.29ರಲ್ಲಿ ಕಳೆದರೆ 59,137.98 ಲಕ್ಷ. ಕೋಟಿಗೆ ತಿರುಗಿಸಿ ಎರಡು ದಶಮಾಂಶಕ್ಕೆ ನಿಲ್ಲಿಸಿದರೆ 591.38. ತಾಳೆ ಆಯಿತು. ಎರಡನೆಯ ಪುಟದಲ್ಲಿ ಟಿಪ್ಪಣಿ ಇತ್ತು: ‘ವಾಪಸಾತಿ ಕಳೆದು ನಿವ್ವಳ ಪಾವತಿಯನ್ನು ಸಾರಾಂಶದಲ್ಲಿ ತೋರಿಸಿದೆ.’ ಈ ಒಂದು ವಾಕ್ಯ ವರದಿಯಲ್ಲೇ ಅಡಿಟಿಪ್ಪಣಿಯಾಗಿ ಇದ್ದಿದ್ದರೆ ನನ್ನ 38 ರೂಪಾಯಿ ಉಳಿಯುತ್ತಿತ್ತು.

ಒಂದು ಗಂಟು ಮಾತ್ರ ಬಿಚ್ಚಲಿಲ್ಲ. ವಾಪಸ್ ಬಂದ ಕಂತನ್ನು ಖಾತೆ ಸರಿಯಾದ ಮೇಲೆ ಮತ್ತೆ ಕಳಿಸುತ್ತಾರೆ, ಆಗ ಅದು ಮತ್ತೊಮ್ಮೆ ‘ಬಿಡುಗಡೆ’ ಆಗುತ್ತದೆ. ಒಬ್ಬ ಅಜ್ಜಿಗೆ ಸೇರಬೇಕಾದ ಒಂದೇ ಸಾವಿರ ಅನುಬಂಧದಲ್ಲಿ ಎರಡು ಸಲ ಕೂತಿರಬಹುದು. 47,431ರಲ್ಲಿ ಎಷ್ಟು ಕಂತು ಆಮೇಲೆ ತಲುಪಿದವು, ಎಷ್ಟು ಇನ್ನೂ ತಲುಪಿಲ್ಲ ಅಂತ ಆ ತಃಖ್ತೆ ಹೇಳುವುದಿಲ್ಲ. ವಾಪಸಾತಿಯ ಜಿಲ್ಲಾವಾರು ವಿವರವೂ ‘ಲಭ್ಯವಿಲ್ಲ’ ಎಂದು ಬಂತು. ಹಾಗಾಗಿ ನಿಜಕ್ಕೂ ಖಾತೆಗೆ ಸೇರಿದ ಹಣವನ್ನು ಜಿಲ್ಲಾವಾರು ಬರೆಯಲು ನನ್ನಿಂದ ಆಗಲಿಲ್ಲ. ಎಲ್ಲ ಜಿಲ್ಲೆಗಳಿಂದಲೂ ಒಂದೇ ಪ್ರಮಾಣದಲ್ಲಿ ಕಳೆದುಬಿಡಿ ಎಂದು ಸಂಘಟನೆಯವರೊಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಬ್ಯಾಂಕು ದೂರವಿರುವ, ಖಾತೆ ಆಗಾಗ ನಿಷ್ಕ್ರಿಯವಾಗುವ ಕಡೆ ವಾಪಸಾತಿ ಜಾಸ್ತಿ ಇರಬಹುದು. ಸಮನಾಗಿ ಹಂಚಿದರೆ ಅದನ್ನು ನಾವೇ ಮುಚ್ಚಿಟ್ಟ ಹಾಗೆ.

ಕೊನೆಗೆ ಕರಪತ್ರದಲ್ಲಿ ಹಣದ ಕಾಲಮ್ಮಿಗೆ ‘ಬಿಡುಗಡೆ’ ಎಂದೇ ಹೆಸರಿಟ್ಟು, ಕೆಳಗೆ ರಾಜ್ಯದ ಒಟ್ಟು ವಾಪಸಾತಿಯನ್ನು ಬೇರೆ ಸಾಲಾಗಿ ಕೊಟ್ಟೆ. 19ನೇ ಸಾಲಿನಲ್ಲಿ 18,472 ಹಾಕಿ, ವರದಿಯಲ್ಲಿ 14,872 ಎಂದಿದೆ, ತಾಲ್ಲೂಕುವಾರು ಅಂಕಿಗಳಿಂದ ತಿದ್ದಿದೆ ಎಂದು ಅಡಿಟಿಪ್ಪಣಿ ಬರೆದೆ. ಇಲಾಖೆಗೆ ಈ ತಪ್ಪನ್ನು ತೋರಿಸಿ ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿದೆ. ತಲುಪಿದ ಸ್ವೀಕೃತಿ ಬಂತು, ಉತ್ತರ ಬರಲಿಲ್ಲ.

ಮುಂದಿನ ವರ್ಷದ ವರದಿ ಬಂದಾಗ ಮೊದಲು ತೆರೆದದ್ದು ಅದೇ ಸಾಲು. ಈ ಸಲ ಜಿಲ್ಲಾವಾರು ಪಟ್ಟಿಗೆ ‘ಹಿಂದಿನ ವರ್ಷ’ ಎಂಬ ಹೊಸ ಕಾಲಮ್ ಸೇರಿಸಿದ್ದರು. ಆ ಜಿಲ್ಲೆಗೆ ಈ ವರ್ಷ 18,815, ಹಿಂದಿನ ವರ್ಷ 14,872. ನಿಜವಾಗಿ ಹೆಚ್ಚಿದ್ದು 343 ಜನ. ಸಾರಾಂಶದಲ್ಲಿ ಮಾತ್ರ ಆ ಜಿಲ್ಲೆಯ ಹೆಸರು ಹಾಕಿ, ಫಲಾನುಭವಿಗಳ ಸಂಖ್ಯೆ ಶೇಕಡಾ 26ಕ್ಕೂ ಹೆಚ್ಚು ಏರಿದೆ, ಇದು ರಾಜ್ಯದಲ್ಲೇ ಅತಿ ಹೆಚ್ಚು ಎಂದು ಬರೆದಿದ್ದರು.